ಐದು ಮೀಟರ್ ಕೇಬಲ್ಲಿನಲ್ಲಿ ಕಾಣೆಯಾದ 165 ಹರ್ಟ್ಸ್

ಹಾಸನದಲ್ಲಿ ಕಂಪ್ಯೂಟರ್ ಜೋಡಣೆ ಮತ್ತು ದುರಸ್ತಿಯ ಕೆಲಸ ಮಾಡುವ ನನ್ನ ಬಳಿಗೆ, ಮಾನಿಟರ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಎಷ್ಟೋ ಕೇಬಲ್ಲಿನ ದೂರುಗಳೇ ಆಗಿರುತ್ತವೆ. ವಿದ್ಯಾನಗರದ ಮನೆಯೊಂದರಲ್ಲಿ ಕಂಡದ್ದು ಅಂಥದ್ದೇ. ಇಂಜಿನಿಯರಿಂಗ್ ಓದುತ್ತಿರುವ ಹುಡುಗನಿಗೆ 27 ಇಂಚಿನ, 2560 × 1440 ರೆಸಲ್ಯೂಷನ್ನಿನ, 165 ಹರ್ಟ್ಸ್ ಮಾನಿಟರ್ ಕೊಡಿಸಿದ್ದರು. ಫ್ಯಾನಿನ ಸದ್ದು ಕೇಳಿಸಬಾರದೆಂದು ಕ್ಯಾಬಿನೆಟ್ಟನ್ನು ದೂರದ ಗೋಡೆಯ ಕಪಾಟಿಗೆ ಸರಿಸಿ, ‘8ಕೆ’ ಎಂದು ಅಚ್ಚಾಗಿದ್ದ ಐದು ಮೀಟರಿನ ಎಚ್‌ಡಿಎಂಐ ಕೇಬಲ್ ಒಂದನ್ನೂ ಡಿಸ್‌ಪ್ಲೇಪೋರ್ಟ್ ಕೇಬಲ್ ಒಂದನ್ನೂ ಕಡಿಮೆ ಬೆಲೆಗೆ ತರಿಸಿಕೊಂಡಿದ್ದರು. “ಸರ್, 165 ಹರ್ಟ್ಸ್ ಬರುತ್ತಲೇ ಇಲ್ಲ, ಮಾನಿಟರನ್ನೇ ಬದಲಾಯಿಸಿ ಕೊಡಿಸಿ” ಎಂಬುದು ಅವನ ತಂದೆಯವರ ಬೇಡಿಕೆಯಾಗಿತ್ತು.

ನಾನು ಮೊದಲು ಮಾಡಿದ್ದು ಲೆಕ್ಕ. ಒಂದು ಪಿಕ್ಸೆಲ್ಲಿಗೆ 24 ಬಿಟ್‌ನಂತೆ ಸೆಕೆಂಡಿಗೆ 165 ಸಲ ಈ ಪರದೆಯನ್ನು ತುಂಬಲು 14.6 ಗಿಗಾಬಿಟ್ ಬೇಕು. ಸಾಲು ಸಾಲಿನ ನಡುವಿನ ಖಾಲಿ ಅವಧಿಯನ್ನೂ ಸೇರಿಸಿದರೆ ಅದು 16 ದಾಟುತ್ತದೆ. ಆ ಮಾನಿಟರಿನ ಎಚ್‌ಡಿಎಂಐ 2.0 ಕಿಂಡಿಯ ಒಟ್ಟು ವೇಗ 18 ಗಿಗಾಬಿಟ್ ಆದರೂ ಸಂಕೇತೀಕರಣಕ್ಕೆ ಹೋಗುವ ಪಾಲನ್ನು ಕಳೆದರೆ ಚಿತ್ರಕ್ಕೆ ಉಳಿಯುವುದು 14.4 ಮಾತ್ರ. ಆದ್ದರಿಂದ ಎಷ್ಟೇ ದುಬಾರಿ ಕೇಬಲ್ ಹಾಕಿದರೂ ಆ ಕಿಂಡಿಯಲ್ಲಿ 165 ಹರ್ಟ್ಸ್ ಬರುವಂತಿರಲಿಲ್ಲ, ಸುಮಾರು 14.1 ಗಿಗಾಬಿಟ್ ಬೇಡುವ 144 ಹರ್ಟ್ಸ್ ಮಾತ್ರ ಅಂಚಿನಲ್ಲಿ ಹಿಡಿಯುತ್ತದೆ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಚಿತ್ರಕ್ಕೆ 17.28 ಗಿಗಾಬಿಟ್ ಸಿಗುವುದರಿಂದ ಅಲ್ಲಿ 165 ಬರಲೇಬೇಕಿತ್ತು.

ಬರುತ್ತಿರಲಿಲ್ಲ. ಎರಡೂ ಕೇಬಲ್ಲುಗಳು ಸೋತಿದ್ದವು, ಆದರೆ ಸೋತ ರೀತಿ ಬೇರೆ ಬೇರೆಯಾಗಿತ್ತು. ಎಚ್‌ಡಿಎಂಐನಲ್ಲಿ 144 ಹರ್ಟ್ಸ್ ಆರಿಸಿದರೆ ಚಿತ್ರ ಬರುತ್ತಿತ್ತು, ಆದರೆ ಕಡುಬಣ್ಣದ ಜಾಗಗಳಲ್ಲಿ ಬಿಳಿ ಚುಕ್ಕೆಗಳು ಮಿನುಗಿ, ಆಗಾಗ ಪರದೆ ಒಂದೆರಡು ಕ್ಷಣ ಕಪ್ಪಾಗುತ್ತಿತ್ತು. ಡಿಸ್‌ಪ್ಲೇಪೋರ್ಟಿನಲ್ಲಿ ಚುಕ್ಕೆಯೂ ಇಲ್ಲ, ಕಪ್ಪೂ ಇಲ್ಲ. ವಿಂಡೋಸಿನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟದ ಪಟ್ಟಿ ಮಾತ್ರ 75 ಹರ್ಟ್ಸ್‌ಗೇ ನಿಂತುಬಿಟ್ಟಿತ್ತು. ಎಚ್‌ಡಿಎಂಐ 2.0ರವರೆಗಿನ ಆವೃತ್ತಿಗಳಲ್ಲಿ ಗ್ರಾಫಿಕ್ಸ್ ಕಾರ್ಡು ಕೇಬಲ್ಲಿನ ಯೋಗ್ಯತೆಯನ್ನು ಪರೀಕ್ಷಿಸದೆ ಬಿಟ್ಟುಗಳನ್ನು ಕಳಿಸುತ್ತದೆ, ತಪ್ಪಿ ಬಂದವು ಚುಕ್ಕೆಗಳಾಗುತ್ತವೆ. ಡಿಸ್‌ಪ್ಲೇಪೋರ್ಟಿನಲ್ಲಿಯಾದರೋ ಸಂಪರ್ಕವಾದ ಕೂಡಲೇ ಎರಡೂ ಕಡೆಯ ಚಿಪ್ಪುಗಳು ಪರೀಕ್ಷಾ ಸಂಕೇತಗಳನ್ನು ವಿನಿಮಯ ಮಾಡಿಕೊಂಡು, ಬಿಟ್ಟುಗಳು ಸಾಗುವ ತಂತಿ ಜೋಡಿಯಾದ ಒಂದೊಂದು ಲೇನ್ 5.4 ಗಿಗಾಬಿಟ್‌ನಲ್ಲಿ ತಪ್ಪಿಲ್ಲದೆ ನಿಲ್ಲದಿದ್ದರೆ 2.7ಕ್ಕೆ ಇಳಿಯುತ್ತವೆ; ಆಗ ನಾಲ್ಕು ಲೇನ್ ಸೇರಿ ಚಿತ್ರಕ್ಕೆ ಉಳಿಯುವುದು 8.64 ಗಿಗಾಬಿಟ್, 100 ಹರ್ಟ್ಸ್‌ಗೂ ಸಾಲದು. ಅದಕ್ಕೇ ಪಟ್ಟಿ ಮೊಟಕಾಗಿತ್ತು.

ನನ್ನ ಚೀಲದಲ್ಲಿ ಸದಾ ಇರುವ ಎರಡು ಮೀಟರಿನ ಪ್ರಮಾಣೀಕೃತ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನು, ಕ್ಯಾಬಿನೆಟ್ಟನ್ನು ಹತ್ತಿರ ತಂದು ಜೋಡಿಸಿದಾಗ ಪಟ್ಟಿಯಲ್ಲಿ 165 ಕಾಣಿಸಿತು, ಆರಿಸಿದ ಮೇಲೆ ಸ್ಥಿರವಾಗಿಯೂ ನಿಂತಿತು. ಮಾನಿಟರ್ ನಿರ್ದೋಷಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಅವರ ಒಪ್ಪಿಗೆ ಪಡೆದು ಆ ಐದು ಮೀಟರಿನ ಎಚ್‌ಡಿಎಂಐ ಕೇಬಲ್ಲನ್ನು ಬ್ಲೇಡಿನಿಂದ ಸೀಳಿದೆ. ಒಳಗಿನ ತಾಮ್ರದ ಎಳೆಗಳು ಕೂದಲಿನಷ್ಟು ತೆಳುವಾಗಿದ್ದವು. ಪ್ರತಿ ತಂತಿ ಜೋಡಿಗೂ ಪ್ರತ್ಯೇಕವಾಗಿ ಇರಬೇಕಾದ ಬೆಳ್ಳಿಬಣ್ಣದ ಹಾಳೆಯ ಕವಚವು ಎಲ್ಲಕ್ಕೂ ಸೇರಿ ಒಂದೇ ಸುತ್ತಾಗಿತ್ತು. ಆವರ್ತನ ಏರಿದಂತೆ ವಿದ್ಯುತ್ತು ತಂತಿಯ ಮೇಲ್ಮೈಯಲ್ಲಷ್ಟೇ ಹರಿಯುವುದರಿಂದ ತೆಳು ತಂತಿಯಲ್ಲಿ ನಷ್ಟ ಹೆಚ್ಚು, ಸುತ್ತಲಿನ ನಿರೋಧಕವೂ ತನ್ನ ಪಾಲನ್ನು ಹೀರುತ್ತದೆ. ಉದ್ದ ಹೆಚ್ಚಿದಷ್ಟೂ ಎರಡೂ ಹೆಚ್ಚುತ್ತವೆ. ಒಂದು ಜೋಡಿಯ ಸಂಕೇತ ಪಕ್ಕದ ಜೋಡಿಗೆ ಸೋರುವುದೂ ಇದರ ಜೊತೆಗೇ. ಅದೇ ಕೇಬಲ್ 60 ಹರ್ಟ್ಸ್‌ನಲ್ಲಿ ಚುಕ್ಕೆಯಿಲ್ಲದೆ ನಡೆಯುತ್ತಿದ್ದುದು ಅಲ್ಲಿ ಬೇಕಾದ ವೇಗ ಅರ್ಧಕ್ಕಿಂತಲೂ ಕಡಿಮೆ ಇದ್ದುದರಿಂದ. ಹೀಗಾಗಿ ಅನುಮಾನ ಬಂದಾಗ ಹರ್ಟ್ಸ್ ಇಳಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ: ಇಳಿಸಿದಾಗ ಚುಕ್ಕೆ ಮಾಯವಾದರೆ ಮೊದಲು ಸಂಶಯಿಸಬೇಕಾದದ್ದು ಕೇಬಲ್ಲನ್ನು.

ಕೇಬಲ್ಲಿನ ಮೇಲಿನ ‘8ಕೆ’ ಎಂಬ ಅಚ್ಚಿಗೆ ನಾನು ಬೆಲೆ ಕೊಡುವುದಿಲ್ಲ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಎಚ್‌ಡಿಎಂಐ ಆದರೆ 18 ಗಿಗಾಬಿಟ್‌ಗೆ ‘ಪ್ರೀಮಿಯಂ ಹೈ ಸ್ಪೀಡ್’, 48ಕ್ಕೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಸ್ಕ್ಯಾನ್ ಮಾಡಬಹುದಾದ ಚೀಟಿ ಪೊಟ್ಟಣದ ಮೇಲಿದೆಯೇ ಎಂದು ನೋಡುತ್ತೇನೆ. ತಾಮ್ರದ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನು ಹೆಚ್ಚಿನ ಹರ್ಟ್ಸ್‌ಗೆ ಎರಡು ಮೀಟರ್ ಮೀರಿ ನಾನು ಕೊಡುವುದಿಲ್ಲ.

ಐದು ಮೀಟರ್ ಬೇಕೇ ಬೇಕೆಂದರೆ ಬೆಳಕಿನ ಎಳೆಯ ಆಕ್ಟಿವ್ ಆಪ್ಟಿಕಲ್ ಕೇಬಲ್ ಇದೆ. ಅದಕ್ಕೆ ದಿಕ್ಕಿದೆ, ‘ಸೋರ್ಸ್’ ಎಂದು ಬರೆದ ತುದಿ ಕಂಪ್ಯೂಟರಿಗೇ ಹೋಗಬೇಕು, ಬಿಗಿಯಾಗಿ ಮಡಚಲೂ ಬಾರದು. ಬೆಲೆ ಕೇಳಿದ ತಂದೆಯವರು ಕಪಾಟಿನ ಕಡೆ ಒಮ್ಮೆ ನೋಡಿ, ಕ್ಯಾಬಿನೆಟ್ಟನ್ನು ಮೇಜಿನ ಕೆಳಗೇ ಇಡಿಸಿಕೊಂಡರು.