ಮುರಕಲ್ಲು ಮಣ್ಣೋ ಬಂಡೆಯೋ: ಬಿಓಕ್ಯೂವಿನ ಒಂದೇ ಒಂದು ಐಟಂ ಓದಿದ ಬಗೆ

ಕಾಸರಗೋಡಿನಲ್ಲಿ ಕಟ್ಟಡದ ಬಿಲ್ಲು ಜಗಳಕ್ಕೆ ಬಂತು ಅಂದರೆ ನಾನು ಮೊದಲು ತೆರೆಯುವುದು ಮಣ್ಣು ಅಗೆತದ ಪುಟವನ್ನು. ಸಿಮೆಂಟು, ಕಬ್ಬಿಣದ ಐಟಂಗಳಲ್ಲಿ ಅಳತೆ ಕಣ್ಣಿಗೆ ಕಾಣುತ್ತದೆ, ಬೇಕಾದರೆ ಮತ್ತೊಮ್ಮೆ ಅಳೆಯಬಹುದು. ಅಗೆದ ಮೇಲೆ ಅಲ್ಲಿ ಏನಿತ್ತು ಎಂದು ಹೇಳಲು ಗುಂಡಿ ಉಳಿಯುವುದೇ ಇಲ್ಲ, ಪಾಯ ಕಟ್ಟಿ ಮುಚ್ಚಿಬಿಟ್ಟಿರುತ್ತಾರೆ. ಹಾಗಾಗಿ ಟೆಂಡರಿಗೆ ಮುಂಚೆ ಬಿಓಕ್ಯೂ, ಅಂದರೆ ಕೆಲಸಗಳ ಪ್ರಮಾಣ ಪಟ್ಟಿ, ಪರಿಶೀಲನೆಗೆ ಬಂದಾಗ ನನ್ನ ಅರ್ಧ ಸಮಯ ಈ ಒಂದು ಪುಟಕ್ಕೇ ಹೋಗುತ್ತದೆ.

ಬದಿಯಡ್ಕದ ಕಡೆ ಗುಡ್ಡದ ಮೇಲಿನ ಒಂದು ಕಟ್ಟಡದ ಉದಾಹರಣೆ ಹೇಳುತ್ತೇನೆ. ನೆಲಮಾಳಿಗೆಗೆ 20 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಗುಂಡಿ, ಒಟ್ಟು 600 ಘನ ಮೀಟರ್. ಬಿಓಕ್ಯೂ ಇಂಗ್ಲಿಷಿನಲ್ಲಿತ್ತು, ಐಟಂನ ಸಾರ ಇಷ್ಟು: ಎಲ್ಲ ಬಗೆಯ ಮಣ್ಣಿನಲ್ಲಿ, ಅಗತ್ಯವಿದ್ದಲ್ಲಿ ಬಂಡೆಯೂ ಸೇರಿ, ಅಗೆದು, ಮಿಕ್ಕ ಮಣ್ಣನ್ನು ಎಂಜಿನಿಯರ್ ಹೇಳಿದ ಕಡೆಗೆ ಸಾಗಿಸುವುದು, ಪ್ರತಿ ಘನ ಮೀಟರಿಗೆ. ಓದುವಾಗ ಎಲ್ಲವೂ ಒಳಗೆ ಬಂದಿದೆ ಅನಿಸುತ್ತದೆ. ಇಂಥ ಐಟಂ ಬಂದರೆ ನಾನು ಪದ ಹಿಡಿದು ಕೂರುವುದಿಲ್ಲ. ಮಾಲೀಕನಿಗೆ ಅತಿ ಕಡಿಮೆ ಖರ್ಚಾಗುವಂತೆ ಒಮ್ಮೆ, ಗುತ್ತಿಗೆದಾರನಿಗೆ ಅತಿ ಹೆಚ್ಚು ಸಿಗುವಂತೆ ಇನ್ನೊಮ್ಮೆ ಓದಿ, ಎರಡಕ್ಕೂ ರೂಪಾಯಿ ಹಾಕಿ ನೋಡುತ್ತೇನೆ. ಎರಡು ಮೊತ್ತದ ನಡುವಿನ ಅಂತರವೇ ನಾಳೆಯ ಜಗಳದ ಗಾತ್ರ.

ಇಲ್ಲಿ ಗಂಟು ಇರುವುದು ಮುರಕಲ್ಲಿನಲ್ಲಿ. ನಮ್ಮ ಗುಡ್ಡಗಳಲ್ಲಿ ಮೇಲಿನ ಪದರ ಪಾದೆಯಂತೆ ಗಟ್ಟಿ, ಅದರ ಕೆಳಗೆ ಕಲ್ಲು ಕೊಯ್ಯಲು ಬರುವಷ್ಟು ಮೆದು, ಇನ್ನೂ ಕೆಳಗೆ ಶೇಡಿಮಣ್ಣು. ಒಂದೇ ಗುಂಡಿಯಲ್ಲಿ ಮೂರೂ ಸಿಗುತ್ತವೆ. ಕೇಂದ್ರ ಲೋಕೋಪಯೋಗಿ ಇಲಾಖೆಯ, ಅಂದರೆ ಸಿಪಿಡಬ್ಲ್ಯುಡಿಯ, ನಿರ್ದಿಷ್ಟತೆಯ ಪ್ರಕಾರ ಪಿಕಾಸಿ, ಸಲಿಕೆಗೆ ಬರುವುದು ಮಣ್ಣು. ಹಾರೆ, ಪಿಕಾಸಿಯಿಂದ ಸೀಳಿ ತೆಗೆಯಬಹುದಾದ ಗಟ್ಟಿ ಮುರಕಲ್ಲು ಸಾಧಾರಣ ಬಂಡೆ. ಸಡಿಲಿಸಲು ಹಗುರವಾಗಿ ಸಿಡಿಮದ್ದು ಹಾಕಿದರೂ ಅದು ಗಟ್ಟಿ ಬಂಡೆಯ ವರ್ಗಕ್ಕೆ ಏರುವುದಿಲ್ಲ ಎಂದೂ ಅದರಲ್ಲಿ ಬರೆದಿದೆ. ಗಟ್ಟಿ ಬಂಡೆ ಎಂದರೆ ಸಿಡಿಸದೆ ಬಾರದ ಗ್ರಾನೈಟ್, ಬಸಾಲ್ಟ್ ಥರದ್ದು. ಆದರೆ ಈಗ ಹಾರೆ ಹಿಡಿದು ಗುಂಡಿ ತೋಡುವವರು ಯಾರಿದ್ದಾರೆ? ಕೆಲಸ ಮಾಡುವುದು ಹಿಟಾಚಿ, ಅದಕ್ಕೆ ಸಿಕ್ಕಿಸಿದ, ಕಲ್ಲು ಒಡೆಯುವ ಬ್ರೇಕರ್. ಸಾಧಾರಣ ಬಂಡೆಯ ವ್ಯಾಖ್ಯೆಯಲ್ಲಿ ಬ್ರೇಕರಿನ ಮಾತೇ ಇಲ್ಲ, ಎರಡು ಓದುಗಳೂ ಹುಟ್ಟುವುದು ಅಲ್ಲೇ.

ಟೆಂಡರ್ ಹಾಕುವ ಮುಂಚಿನ ಪ್ರಿ-ಬಿಡ್ ಸಭೆಯಲ್ಲಿ ಒಬ್ಬ ಗುತ್ತಿಗೆದಾರರು ಇದನ್ನೇ ಕೇಳಿದರು: “ಬ್ರೇಕರ್ ಹಾಕಿದ ಮೇಲೆ ಅದು ಬಂಡೆಯೇ ಅಲ್ವಾ ಸಾರ್? ಡೀಸೆಲ್ ಸುಟ್ಟದ್ದು ನಾವಲ್ವಾ?”

“ನಿಮ್ಮ ಜೆಸಿಬಿಗೆ ಬ್ರೇಕರ್ ಬೇಕಾದ ಕಲ್ಲು 20 ಟನ್ನಿನ ಹಿಟಾಚಿಯ ಬಕೆಟ್ಟಿಗೆ ಹಾಗೇ ಬರಬಹುದಲ್ಲ ಮಾರಾಯ್ರೆ, ಆಗ ಅದನ್ನು ಏನಂತ ಬರೆಯುವುದು?” ಎಂದೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಐಟಂ ಉತ್ತರ ಕೊಡುತ್ತಿರಲಿಲ್ಲ, ಅಷ್ಟೆ.

ಇನ್ನು ಲೆಕ್ಕ. ಮಣ್ಣಿಗೆ 250 ರೂಪಾಯಿ, ಸಾಧಾರಣ ಬಂಡೆಗೆ 700 ರೂಪಾಯಿ ಎಂದು ಅಂದಾಜಿಗೆ ಇಟ್ಟುಕೊಳ್ಳಿ. ಮಾಲೀಕನ ಓದಿನಲ್ಲಿ 600 ಘನ ಮೀಟರೂ ಒಂದೇ ದರ, 1,50,000 ರೂಪಾಯಿ. ಗುಂಡಿಯಲ್ಲಿ ನಿಜವಾಗಿ 240 ಘನ ಮೀಟರ್ ಗಟ್ಟಿ ಮುರಕಲ್ಲು ಇದ್ದು, ಅದನ್ನು ಬಂಡೆ ಎಂದು ಒಪ್ಪಿದರೆ ಬಿಲ್ಲು 2,58,000 ಆಗುತ್ತದೆ. ಅಲ್ಲಿಗೂ ಮುಗಿಯಲಿಲ್ಲ, ಬಂಡೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಒಡೆದ ಕಲ್ಲನ್ನು ಬದಿಯಲ್ಲಿ ರಾಶಿ ಹಾಕಿ ಅಳೆದರೆ ನಡುವಿನ ಪೊಳ್ಳು ಸೇರಿ 480 ಘನ ಮೀಟರ್ ತೋರುತ್ತದೆ. ಮಣ್ಣು, ಬಂಡೆ ಬೆರೆತಿದ್ದರೆ ಇಡೀ ಗುಂಡಿಯನ್ನು ಅಡ್ಡಕೊಯ್ತದಿಂದ ಅಳೆದು, ಬಂಡೆಯ ರಾಶಿಯಿಂದ ಪೊಳ್ಳಿಗೆಂದು 50 ಶೇಕಡಾ ಕಳೆದು ಬಂದದ್ದನ್ನು ಬಂಡೆ ಎಂದು ಹಿಡಿದು, ಗುಂಡಿಯ ಅಳತೆಯಲ್ಲಿ ಉಳಿದದ್ದನ್ನು ಮಣ್ಣಿನ ಲೆಕ್ಕಕ್ಕೆ ಹಾಕುವುದು ಸಿಪಿಡಬ್ಲ್ಯುಡಿ ಕ್ರಮ. ಆ ಒಂದು ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ 480ಕ್ಕೂ 700ರ ದರ ಕೇಳಬಹುದು. ಉಳಿದ 120ಕ್ಕೆ 250 ಸೇರಿಸಿದರೆ ಬಿಲ್ಲು 3,66,000. ಗುಂಡಿ ಅದೇ, ಕೆಲಸವೂ ಅದೇ, ಒಂದೂವರೆ ಲಕ್ಷದ ಬಿಲ್ಲು ಎರಡು ಪಟ್ಟಿಗೂ ಮೇಲೆ ಹೋಯಿತು. ಅನುಮಾನವಿದ್ದ ಷರತ್ತನ್ನು ಬರೆದವರ ವಿರುದ್ಧವೇ ಅರ್ಥಮಾಡುವ ಸೂತ್ರ ಕಾನೂನಿನಲ್ಲಿದೆ. ಬಿಓಕ್ಯೂ ಬರೆಸುವುದು ಮಾಲೀಕನ ಕಡೆಯವರು, ಆದ್ದರಿಂದ ಭಾರ ಬೀಳುವುದೂ ಅವರ ಮೇಲೆಯೇ.

ಐಟಂ ತಿದ್ದುವಾಗ ಅದನ್ನು ಮೂರಾಗಿ ಒಡೆದೆ. 20 ಟನ್ ದರ್ಜೆಯ ಎಕ್ಸ್‌ಕವೇಟರಿನ ಬಕೆಟ್ಟಿಗೆ ಬರುವುದೆಲ್ಲ, ಮೆದು ಮುರಕಲ್ಲೂ ಸೇರಿ, ಮಣ್ಣು. ಅದೇ ಯಂತ್ರಕ್ಕೆ ಬ್ರೇಕರ್ ಹಾಕಿಯೇ ತೆಗೆಯಬೇಕಾದ ಮುರಕಲ್ಲು ಸಾಧಾರಣ ಬಂಡೆ. ಕರಿಕಲ್ಲು ಮಾತ್ರ ಗಟ್ಟಿ ಬಂಡೆ. ಯಂತ್ರದ ದರ್ಜೆ ಬರೆಯದೆ ಬ್ರೇಕರ್ ಎಂದಷ್ಟೇ ಬರೆದರೆ ಚಿಕ್ಕ ಯಂತ್ರ ತಂದವರಿಗೆ ಎಲ್ಲವೂ ಬಂಡೆಯಾಗುತ್ತದೆ. ವರ್ಗ ತೀರ್ಮಾನ ಅಗೆದ ದಿನವೇ ಆಗಬೇಕು, ಎರಡೂ ಕಡೆಯವರ ಎದುರು, ಮಟ್ಟ ಬರೆದ ಅಳತೆಕೋಲು ಇಟ್ಟು ಫೋಟೊ ತೆಗೆದು, ಅಳತೆ ಬರೆಯುವ ಎಂ-ಬುಕ್ಕಿಗೆ ಸಹಿ ಹಾಕಿ. ದಿನ ಕಳೆಯಬಾರದು ಎನ್ನಲು ಕಾರಣವಿದೆ: ಕೊಯ್ದಾಗ ಮೆದುವಾಗಿದ್ದ ಮುರಕಲ್ಲು ಗಾಳಿ ಬಿಸಿಲಿಗೆ ತೆರೆದಿಟ್ಟರೆ ಗಟ್ಟಿಯಾಗುತ್ತದೆ. ಬೇಸಿಗೆಯಿಡೀ ತೆರೆದಿದ್ದ ಗೋಡೆಗೆ ಹಾರೆ ಹಾಕಿ ನೋಡಿ, ಮೊದಲ ದಿನ ಇದ್ದದ್ದು ಇದೇ ಎಂದು ವಾದಿಸಿದರೆ ಯಾರಿಗೂ ನ್ಯಾಯ ಸಿಗುವುದಿಲ್ಲ.

ಮೂರಾಗಿ ಒಡೆಯುವುದರಲ್ಲೂ ಒಂದು ಅಪಾಯವಿದೆ. ಕರಿಕಲ್ಲಿಗೆ ಸುಮ್ಮನೆ 5 ಘನ ಮೀಟರ್ ಎಂದು ನಮೂದಿಸಿದರೆ ಗುತ್ತಿಗೆದಾರ ಅಲ್ಲಿ 3,000 ರೂಪಾಯಿ ದರ ಹಾಕಬಹುದು. ಒಟ್ಟು ಟೆಂಡರಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ, ಕೆಳಗೆ 60 ಘನ ಮೀಟರ್ ಸಿಕ್ಕಾಗ ಮಾತ್ರ ತಿಳಿಯುತ್ತದೆ. ಆದ್ದರಿಂದ ಅಂದಾಜು ಪ್ರಮಾಣ ಹಾಕುವ ಮೊದಲು ನಾಲ್ಕು ಮೂಲೆಗೂ ನಡುವಿಗೂ ಪರೀಕ್ಷಾ ಗುಂಡಿ ತೋಡಿಸಿ ಎಂದು ಕೇಳಿಕೊಂಡೆ. ನಮೂದಿಸಿದ ಪ್ರಮಾಣ ಇಷ್ಟು ಮೀರಿದರೆ ಹೆಚ್ಚಿನ ಭಾಗಕ್ಕೆ ಮಾರುಕಟ್ಟೆ ದರ ಎಂಬ ಮಿತಿಯನ್ನೂ ಸೇರಿಸಿದೆ. ಪರೀಕ್ಷಾ ಗುಂಡಿಯೂ ಪೂರ್ತಿ ಸತ್ಯ ಹೇಳುವುದಿಲ್ಲ, ಎರಡು ಗುಂಡಿಗಳ ನಡುವೆ ಪಾದೆ ತಲೆ ಎತ್ತಿರಬಹುದು. ಆದರೂ ಊಹೆಗಿಂತ ಎಷ್ಟೋ ವಾಸಿ.

“ಎಂಜಿನಿಯರ್ ಹೇಳಿದ ಕಡೆಗೆ” ಎಂಬುದನ್ನು ತೆಗೆದು ದೂರ ಬರೆದೆ. ಸಿಪಿಡಬ್ಲ್ಯುಡಿ ದರಪಟ್ಟಿಯ ಮೂಲ ಐಟಂನಲ್ಲಿ ಸೇರಿರುವುದು 50 ಮೀಟರ್ ಲೀಡ್, ಅಂದರೆ ಸಾಗಿಸುವ ದೂರ, ಮತ್ತು 1.5 ಮೀಟರ್ ಲಿಫ್ಟ್, ಅಂದರೆ ಮೇಲೆತ್ತುವ ಎತ್ತರ, ಮಾತ್ರ. ನಮ್ಮ ಗುಂಡಿ 3 ಮೀಟರ್ ಆಳ, ಅಂದರೆ ಅರ್ಧ ಪ್ರಮಾಣಕ್ಕೆ ಹೆಚ್ಚುವರಿ ಲಿಫ್ಟ್ ಕೇಳಲು ದಾರಿ ತೆರೆದೇ ಇತ್ತು. ಪೂರ್ತಿ ಆಳ ದರದೊಳಗೆ ಸೇರಿದೆ ಎಂದು ಸೇರಿಸಿದೆ. ಕೇರಳದಲ್ಲಿ ಪಾಯದ ಮಣ್ಣನ್ನು ಜಾಗದ ಹೊರಗೆ ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕಾಗುತ್ತದೆ, ಅದನ್ನು ಯಾರು ತರಬೇಕು, ಶುಲ್ಕ ಯಾರದ್ದು ಎಂಬುದಕ್ಕೂ ಒಂದು ಸಾಲು. ಮಳೆನೀರು ಪಂಪು ಮಾಡುವುದು ದರದೊಳಗೆ. ಗುಂಡಿಯಿಂದ ಸಿಗುವ ಮುರಕಲ್ಲು ಕಟ್ಟಲು ಯೋಗ್ಯವಾಗಿದ್ದರೆ ಅದು ಮಾಲೀಕನದ್ದು.

ಸಭೆಯಲ್ಲಿ ಆಡಿದ ಮಾತು ಸಭೆಯಲ್ಲೇ ಉಳಿದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಆ ಗುತ್ತಿಗೆದಾರರ ಪ್ರಶ್ನೆ, ನಮ್ಮ ಉತ್ತರ, ತಿದ್ದಿದ ಐಟಂ ಮೂರನ್ನೂ ತಿದ್ದುಪಡಿ ಪತ್ರವಾಗಿ ಎಲ್ಲ ಬಿಡ್ಡುದಾರರಿಗೂ ಕಳಿಸಿ, ಪ್ರತಿ ಹಾಳೆಗೂ ಸಹಿ ಮಾಡಿಸಿ, ಒಪ್ಪಂದಕ್ಕೆ ಲಗತ್ತಿಸಿದೆವು. ನಕ್ಷೆ, ನಿರ್ದಿಷ್ಟತೆ, ಬಿಓಕ್ಯೂ ಒಂದಕ್ಕೊಂದು ಹೊಂದದಿದ್ದರೆ ಮೊದಲು ಯಾವುದನ್ನು ನೋಡಬೇಕು ಎಂಬ ಕ್ರಮವನ್ನೂ ಅದೇ ಪತ್ರದಲ್ಲಿ ಬರೆಸಿದೆ.