ಎರಡನೇ ಸ್ಥಾನ ಇಬ್ಬರಿಗೆ ಬಂದರೆ ಮೂರನೆಯದು ಎಲ್ಲಿ ಹೋಯಿತು?

ಅಷ್ಟಮಿ ಬಂತೆಂದರೆ ಉಡುಪಿ, ಮಂಗಳೂರು ಕಡೆ ಮುದ್ದುಕೃಷ್ಣ ವೇಷ ಸ್ಪರ್ಧೆಗಳ ಸಾಲು. ಫಲಿತಾಂಶ ಹೇಳಿ ಮುಗಿಸುವಷ್ಟರಲ್ಲಿ ಯಾರಾದರೂ ಒಬ್ಬರು ತಾಯಿ ವೇದಿಕೆಯ ಬದಿಗೆ ಬಂದಿರುತ್ತಾರೆ: "ಇಬ್ಬರಿಗೆ ಸೆಕೆಂಡ್ ಕೊಟ್ಟಿರಿ, ಆಗಲಿ. ಅವರ ನಂತರ ನಮ್ಮ ಮಗುವೇ ಅಲ್ವಾ ಮಾರಾಯ್ರೆ, ಥರ್ಡ್ ಬಿಟ್ಟು ಫೋರ್ತ್ ಹೇಗೆ ಬಂತು?" ನ್ಯಾಯವಾದ ಪ್ರಶ್ನೆಯೇ. ಉತ್ತರಿಸಬೇಕಾದವರಿಗೆ ಲೆಕ್ಕ ಗೊತ್ತಿರಬೇಕು ಅಷ್ಟೆ.

ಒಂದು ಅಂಕಪಟ್ಟಿ ಮಾಡಿ ನೋಡೋಣ. ಮೂವರು ತೀರ್ಪುಗಾರರು, ಒಬ್ಬೊಬ್ಬರದು 50 ಅಂಕ, ಒಟ್ಟು 150. ಎಂಟು ಮಕ್ಕಳು. ಮೊದಲು ಒಟ್ಟು ಅಂಕವನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿ ಬರೆಯಿರಿ:

138, 131, 131, 127, 120, 120, 120, 114

ಈಗ ಇವುಗಳ ಕೆಳಗೆ ಸುಮ್ಮನೆ 1ರಿಂದ 8ರವರೆಗೆ ಕ್ರಮಸಂಖ್ಯೆ ಹಾಕಿ. ಸಮಾನ ಅಂಕದವರು ಇರುವಲ್ಲಿ ಮಾತ್ರ ಎಲ್ಲರಿಗೂ ಆ ಗುಂಪಿನ ಮೊದಲ ಸಂಖ್ಯೆಯನ್ನೇ ಕೊಡಿ. 131 ಬಂದ ಇಬ್ಬರು 2 ಮತ್ತು 3ರಲ್ಲಿ ನಿಂತಿದ್ದಾರೆ, ಇಬ್ಬರಿಗೂ 2. 120ರ ಮೂವರು 5, 6, 7ರಲ್ಲಿದ್ದಾರೆ, ಮೂವರಿಗೂ 5. ಉಳಿದವರ ಸಂಖ್ಯೆ ಮುಟ್ಟಬೇಡಿ. ಸ್ಥಾನಗಳು ಹೀಗೆ ಬರುತ್ತವೆ:

1, 2, 2, 4, 5, 5, 5, 8

ಮೂರನೇ ಸ್ಥಾನವನ್ನು ಇಲ್ಲಿ ಯಾರೂ ಬೇಕೆಂದು ಹಾರಿಸಿಲ್ಲ. ಆ ಸಂಖ್ಯೆಯ ಜಾಗದಲ್ಲಿ ಒಂದು ಮಗು ನಿಂತೇ ಇದೆ, ಅದನ್ನು ಪಕ್ಕದ ಮಗುವಿಗೆ ಸರಿಸಮವಾಗಿ ಮೇಲೆ ಕೂರಿಸಿದ್ದೇವೆ. 127 ಅಂಕದ ಮಗುವಿಗಿಂತ ಹೆಚ್ಚು ಅಂಕ ಪಡೆದವರು ಎಷ್ಟು ಮಂದಿ? ಮೂವರು. ಹಾಗಾಗಿ ಅದು ನಾಲ್ಕನೆಯದು. ಸ್ಪರ್ಧೆಯಲ್ಲಿ ಸ್ಥಾನ ಎಂದರೆ ನಮಗಿಂತ ಮುಂದಿರುವವರನ್ನು ಎಣಿಸಿ ಒಂದು ಕೂಡಿಸಿದ್ದು.

ಬಿಡದೆ 1, 2, 2, 3 ಎಂದು ಕೊಡುತ್ತಾ ಹೋದರೆ ಏನಾಗುತ್ತದೆ? ಎಂಟು ಮಕ್ಕಳಲ್ಲಿ ಕೊನೆಯವನಿಗೆ 5ನೇ ಸ್ಥಾನ ಬರುತ್ತದೆ! ನಮ್ಮ ಎಸ್ಸೆಸ್ಸೆಲ್ಸಿ ಮಾತುಕತೆ ನಡೆಯುವುದು ಹೀಗೆಯೇ. 2022ರಲ್ಲಿ 145 ಮಕ್ಕಳಿಗೆ 625ಕ್ಕೆ 625 ಬಂದಿತ್ತು. 624 ತೆಗೆದವರನ್ನು ಮನೆಯವರು "ರಾಜ್ಯಕ್ಕೆ ಸೆಕೆಂಡ್" ಎಂದರೆ ತಪ್ಪು ಹಿಡಿಯುವ ಅಗತ್ಯವಿಲ್ಲ, ಅದು ಅಂಕಗಳ ಮೆಟ್ಟಿಲನ್ನು ಎಣಿಸುವ ಕ್ರಮ. ಆದರೆ ಸ್ಪರ್ಧೆಯ ಲೆಕ್ಕದಲ್ಲಿ ಅವರದು 146ನೇ ಸ್ಥಾನ.

ನಗದು ಬಹುಮಾನ ಇದ್ದರೆ ಈ ವ್ಯತ್ಯಾಸ ನೇರವಾಗಿ ಖಜಾಂಚಿಯ ಕಿಸೆಗೆ ತಾಗುತ್ತದೆ. ಮೂರು ಬಹುಮಾನ ಎಂದುಕೊಳ್ಳಿ: ₹3000, ₹2000, ₹1000, ಒಟ್ಟು ₹6000. ಎರಡನೇ ಸ್ಥಾನದ ಇಬ್ಬರು ಸೇರಿ 2 ಮತ್ತು 3ರ ಜಾಗ ತುಂಬಿದ್ದಾರೆ. ಆ ಎರಡು ಜಾಗದ ಹಣ ₹3000, ತಲಾ ₹1500. ಮೊತ್ತ ₹6000ದಲ್ಲೇ ನಿಲ್ಲುತ್ತದೆ. ಇಬ್ಬರಿಗೂ ಪೂರ್ತಿ ₹2000 ಕೊಟ್ಟು, 127ರವನಿಗೆ ಮೂರನೆಯದನ್ನೂ ಕೊಟ್ಟರೆ ₹8000 ಬೇಕು. ಗಾಲ್ಫ್ ಟೂರ್ನಿಗಳಲ್ಲೂ ಸಮಾನ ಸ್ಥಾನದವರಿಗೆ ಹೀಗೆ ಜಾಗಗಳ ಹಣ ಕೂಡಿಸಿ ಹಂಚುವುದೇ ಪದ್ಧತಿ. ಟ್ರೋಫಿಯನ್ನು ಮಾತ್ರ ಅರ್ಧ ಮಾಡಲಾಗದು, ಇನ್ನೊಂದು ತರಿಸಬೇಕು. ಉಳಿದ ಮೂರನೇ ಟ್ರೋಫಿಯನ್ನು ನಾಲ್ಕನೆಯವನಿಗೆ ಸಮಾಧಾನಕರ ಬಹುಮಾನವಾಗಿ ಕೊಡಬಹುದು, ಆದರೆ ಸರ್ಟಿಫಿಕೇಟಿನಲ್ಲಿ 'ತೃತೀಯ' ಎಂದು ಬರೆಯಬಾರದು.

ಸಮಾನ ಅಂಕ ಬಂದ ಕೂಡಲೇ ಸ್ಥಾನ ಹಂಚಬೇಕೆಂದೇನೂ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಪುರುಷರ ಹೈಜಂಪ್‌ನಲ್ಲಿ ಮೂವರು 2.37 ಮೀಟರ್ ಹಾರಿದ್ದರು. ಅವರಲ್ಲಿ ಬೆಲಾರಸ್‌ನ ನೆಡಸೆಕಾವ್ ಅದಕ್ಕೂ ಮೊದಲು ಕೆಲವು ಯತ್ನಗಳಲ್ಲಿ ವಿಫಲರಾಗಿದ್ದರಿಂದ ಹಿಂದೆ ಬಿದ್ದರು. ಕತಾರ್‌ನ ಬರ್ಶಿಮ್ ಮತ್ತು ಇಟಲಿಯ ತಂಬೇರಿ ಅಲ್ಲಿಯವರೆಗೆ ಒಮ್ಮೆಯೂ ತಪ್ಪದೆ ಹಾರಿದ್ದರು, ಇಬ್ಬರೂ ಚಿನ್ನ ಹಂಚಿಕೊಂಡರು. ನೆಡಸೆಕಾವ್‌ಗೆ ಸಿಕ್ಕಿದ್ದು ಕಂಚು, ಬೆಳ್ಳಿ ಯಾರಿಗೂ ಇಲ್ಲ. ನಿಮ್ಮ ಸ್ಪರ್ಧೆಯಲ್ಲೂ 'ಸಮವಾದರೆ ಅಭಿನಯದ ಅಂಕ ನೋಡುತ್ತೇವೆ' ಎಂಬ ನಿಯಮ ಇಡಬಹುದು. ಅದನ್ನು ಸ್ಪರ್ಧೆ ಶುರುವಾಗುವ ಮೊದಲೇ ಹೇಳಿರಬೇಕು. ಅಂಕ ನೋಡಿದ ಮೇಲೆ ಹೇಳಿದರೆ ಗಲಾಟೆ ಖಂಡಿತ.

ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸಿ ಮಾಡುವವರು ಅಂಕಗಳನ್ನು B2ರಿಂದ B9ರವರೆಗೆ ತುಂಬಿ, C2ರಲ್ಲಿ ಇದನ್ನು ಬರೆದು ಕೆಳಗೆ ಎಳೆದರೆ ಸಾಕು:

```
=COUNTIF($B$2:$B$9,">"&B2)+1
```

ಡಾಲರ್ ಚಿಹ್ನೆ ಮರೆತರೆ ಸಾಲು ಇಳಿದಂತೆ ಎಣಿಕೆಯ ವ್ಯಾಪ್ತಿಯೂ ಜಾರುತ್ತದೆ, ಕಟ್ಟಕಡೆಯ ಸಾಲಿನ ಮಗುವಿಗೂ 1 ಬಂದುಬಿಡುತ್ತದೆ. ಇನ್ನೊಂದು ಎಡವಟ್ಟು ಸರಾಸರಿಯದು. ದಶಾಂಶ ಕಾಣದಂತೆ ಇಟ್ಟಿದ್ದರೆ ತೆರೆಯ ಮೇಲೆ ಇಬ್ಬರಿಗೂ 44 ಕಾಣುತ್ತದೆ, ಸ್ಥಾನ ಮಾತ್ರ ಬೇರೆ ಬೇರೆ. ಒಬ್ಬರದು 43.67, ಇನ್ನೊಬ್ಬರದು 44.33 ಆಗಿ ಒಳಗೆ ಅಡಗಿರುತ್ತದೆ. ಸರಾಸರಿಯ ಬದಲು ಒಟ್ಟು ಅಂಕವನ್ನೇ ಇಟ್ಟುಕೊಂಡರೆ ಈ ತಕರಾರೇ ಬರುವುದಿಲ್ಲ.