ಕಿಟಕಿ ಗಾಜು, ಕುಸುಬಿ ಎಣ್ಣೆ ಮತ್ತು ನನ್ನ ಕೆಪಾಸಿಟರ್

ಕೆಪಾಸಿಟರಿನ ಎರಡು ಪ್ಲೇಟುಗಳ ನಡುವೆ ಗಾಜಿನಂಥ ಡೈಎಲೆಕ್ಟ್ರಿಕ್ ಇಟ್ಟರೆ ಧಾರಕತೆ, ಅಂದರೆ ಚಾರ್ಜ್ ಹಿಡಿಯುವ ಸಾಮರ್ಥ್ಯ, ಎಷ್ಟು ಪಟ್ಟು ಏರುತ್ತದೆ ಎಂಬುದನ್ನು ಮಕ್ಕಳ ಕಣ್ಣಿಗೇ ತೋರಿಸಬೇಕೆಂಬ ಹಟ ನನಗೆ ಬಹಳ ದಿನದಿಂದ ಇತ್ತು. ವಿಜಯಪುರದ ನಮ್ಮ ಲ್ಯಾಬಿನ ಹಿರಿಯರೊಬ್ಬರು, "ಮಲ್ಟಿಮೀಟರಿನ್ಯಾಗ ಇದು ಬರೂದಿಲ್ರೀ, ಸುಮ್ನ ರೊಕ್ಕ ಹಾಳು ಮಾಡಬ್ಯಾಡ್ರಿ" ಎಂದಿದ್ದರು. ಈಗ ಬಂದಿದೆ. ಖರ್ಚು ನೆನಪಿದ್ದಂತೆ ಐನೂರು ರೂಪಾಯಿಯ ಒಳಗೇ. ರೆಡಿಮೇಡ್ ಕಿಟ್‌ಗೆ ಇದರ ಹತ್ತಾರು ಪಟ್ಟು ಕೇಳಿದ್ದರು.

ಮೊದಲು ರಟ್ಟಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ನೋಡಿದ್ದೆ. ರಟ್ಟು ಬಾಗುತ್ತದೆ, ಫಾಯಿಲ್ ಸುಕ್ಕಾಗುತ್ತದೆ, ರೀಡಿಂಗ್ ಒಂದು ಕಡೆ ನಿಲ್ಲುವುದಿಲ್ಲ. ಆಮೇಲೆ ಗುಜರಿಯಲ್ಲಿ ಸಿಕ್ಕ ದಪ್ಪ ಅಲ್ಯೂಮಿನಿಯಂ ಹಾಳೆಯಿಂದ 30 ಸೆಂ.ಮೀ. ಚೌಕದ ಎರಡು ಪ್ಲೇಟ್ ಕತ್ತರಿಸಿದೆ. ಗಾಂಧಿ ಚೌಕದ ಹತ್ತಿರ ಅದೇ ಅಳತೆಗೆ 3 ಮಿ.ಮೀ. ಗಾಜು ಕೊಯ್ಸಿದೆ. ನಾಲ್ಕು ಮೂಲೆಗೆ 3.2 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಚೂರು ಇಟ್ಟೆ. ಆ ಚೂರುಗಳನ್ನು ಒಂದೇ ಎತ್ತರಕ್ಕೆ ತಂದದ್ದು ಹೇಗೆ, ಗಾಜಿಗೆ ಅಡ್ಡಬಾರದಂತೆ ಕೂರಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದರಲ್ಲೇ ಅರ್ಧ ಕೆಲಸವಿದೆ.

ಮೀಟರಿನ ತಂತಿಯದೇ 40 ಪಿಕೋಫ್ಯಾರಡ್ ಹತ್ತಿರ ಇತ್ತು. ಅದು ಪ್ಲೇಟಿಗೆ ಪ್ಯಾರಲಲ್ಲಿನಲ್ಲಿ ಕೂತಿರುತ್ತದೆ, ಆದ್ದರಿಂದ ಸೀದಾ ಕಳೆದರಾಯಿತು. ಹಾಗೆ ಕಳೆದ ಮೇಲೆ ಖಾಲಿ ಪ್ಲೇಟು ಸುಮಾರು 250 ಪಿಕೋಫ್ಯಾರಡ್ ತೋರಿಸಿತು. ಗಾಜು ಪೂರ್ತಿ ತೂರಿಸಿದಾಗ 1200. ಅಂದರೆ ಐದು ಪಟ್ಟೂ ಆಗಲಿಲ್ಲ. ಕಿಟಕಿ ಗಾಜಿಗೆ ಆರರಿಂದ ಏಳು ಪಟ್ಟು ಬರಬೇಕು. ನೋಡಿದವರೆಲ್ಲ ಮೀಟರನ್ನೇ ಅನುಮಾನಿಸಿದರು. ಮೀಟರ್ ಸರಿಯಾಗೇ ಇತ್ತು, ಉತ್ತರ ಗಾಜಿನ ಮೇಲೆ ಉಳಿದ 0.2 ಮಿ.ಮೀ. ಗಾಳಿಯಲ್ಲಿತ್ತು.

ಆ ಗಾಳಿಯ ಪದರ ಗಾಜಿನೊಂದಿಗೆ ಸೀರೀಸಿನಲ್ಲಿರುವ ಇನ್ನೊಂದು ಕೆಪಾಸಿಟರ್. ಗಾಜಿನ ಕೆ, ಅಂದರೆ ಗಾಳಿಗಿಂತ ಅದು ಧಾರಕತೆಯನ್ನು ಎಷ್ಟು ಪಟ್ಟು ಏರಿಸುತ್ತದೆ ಎಂಬ ಸಂಖ್ಯೆ, 6.5 ಎಂದು ಹಿಡಿದರೆ 3 ಮಿ.ಮೀ. ಗಾಜು 0.46 ಮಿ.ಮೀ. ಗಾಳಿಗೆ ಸಮ. ಅದಕ್ಕೆ 0.2 ಸೇರಿಸಿದರೆ ಒಟ್ಟು 0.66. ಈ ಅಂತರಕ್ಕೆ ಲೆಕ್ಕ ಹಾಕಿದರೆ ಬರುವುದು ಸರಿಯಾಗಿ 1200ರ ಆಸುಪಾಸು. ಸೀರೀಸಿನಲ್ಲಿ ಚಾರ್ಜ್ ಎರಡಕ್ಕೂ ಒಂದೇ ಆದ್ದರಿಂದ, ಕಣ್ಣಿಗೆ ಕಾಣದಷ್ಟು ತೆಳುವಾದ ಆ ಗಾಳಿಯೇ ಒಟ್ಟು ವೋಲ್ಟೇಜಿನ ಸುಮಾರು ಮೂರನೇ ಒಂದು ಪಾಲು ನುಂಗುತ್ತದೆ. ಗಾಳಿ ಮೇಲಿರಲಿ, ಕೆಳಗಿರಲಿ, ಎರಡೂ ಕಡೆ ಹಂಚಿರಲಿ, ಒಟ್ಟು ದಪ್ಪ ಅಷ್ಟೇ ಮುಖ್ಯ.

ಇದನ್ನು ಖಾತ್ರಿ ಮಾಡಲು ಮನೆಯಿಂದ ಕುಸುಬಿ ಎಣ್ಣೆ ತಂದು ಗಾಜಿನ ಎರಡೂ ಮೈಗೆ ಸುರಿದು, ಗುಳ್ಳೆ ಉಳಿಯದಂತೆ ಮೇಲಿನ ಪ್ಲೇಟು ಇಳಿಸಿದೆ. ರೀಡಿಂಗ್ ಒಮ್ಮೆಲೇ 1500ಕ್ಕೆ ಏರಿತು! ಅಡುಗೆ ಎಣ್ಣೆಯ ಕೆ ಮೂರರ ಸುತ್ತ ಇರುವುದರಿಂದ 0.2 ಮಿ.ಮೀ. ಸಂದು 0.07ಕ್ಕೆ ಇಳಿದಂತಾಯಿತು. ಅವತ್ತಿನಿಂದ ಲ್ಯಾಬಿನಲ್ಲಿ ಯಾರೂ ಮೀಟರಿನ ಮಾತೆತ್ತಿಲ್ಲ. ಒಣ ಗಾಜನ್ನು ಅರ್ಧ ಮಾತ್ರ ತೂರಿಸಿದರೆ 725 ಹತ್ತಿರ ಬರುತ್ತದೆ: ಅರ್ಧ ಖಾಲಿ ಪ್ಲೇಟಿನ 125, ಅರ್ಧ ಗಾಜಿನ 600, ಪಕ್ಕಪಕ್ಕ ಪ್ಯಾರಲಲ್.

ಶಕ್ತಿಯ ಭಾಗವೇ ಹೆಚ್ಚು ಕಾಡಿದ್ದು: ಚಾರ್ಜ್ ಮಾಡಿ ಬ್ಯಾಟರಿ ತೆಗೆದ ಪ್ಲೇಟಿನೊಳಗೆ ಗಾಜು ತೂರಿಸಿದರೆ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕಿತ್ತು. ಪ್ಲೇಟಿಗೆ 9 ವೋಲ್ಟ್ ಕೊಟ್ಟು ಬ್ಯಾಟರಿ ತೆಗೆದು ಮಲ್ಟಿಮೀಟರ್ ಹಚ್ಚಿದರೆ, ಅದರ 10 ಮೆಗಾಓಮಿನ ಮೂಲಕ ಚಾರ್ಜ್ ಕೆಲವೇ ಮಿಲಿಸೆಕೆಂಡಿನಲ್ಲಿ ಖಾಲಿ. ನಡುವೆ ಸಿಎ 3140 ಆಪ್‌ಆ್ಯಂಪನ್ನು, ಪ್ಲೇಟಿನ ಚಾರ್ಜ್ ಹೆಚ್ಚುಕಡಿಮೆ ಎಳೆಯದೆ ಅದರ ವೋಲ್ಟೇಜನ್ನು ಹಾಗೇ ಮೀಟರಿಗೆ ದಾಟಿಸುವ ಫಾಲೋವರ್ ಮಾಡಿ, 18 ವೋಲ್ಟಿನಲ್ಲಿ ನಡೆಸಿದೆ. ಆಗಲೂ ರೀಡಿಂಗ್ ನಿಧಾನಕ್ಕೆ ಜಾರುತ್ತದೆ, ಐದಾರು ಸೆಕೆಂಡಿನಲ್ಲಿ ಓದಿಬಿಡಬೇಕು. ಗಾಜು ಉಜ್ಜಿದರೆ ಅದರದೇ ಚಾರ್ಜ್ ಹುಟ್ಟಿ ಸುಳ್ಳು ವೋಲ್ಟೇಜ್ ತೋರಿಸುತ್ತದೆ. ಪತ್ತೆ ಸುಲಭ: ಬ್ಯಾಟರಿ ತಿರುವು ಮುರುವು ಹಾಕಿ ಮತ್ತೆ ಮಾಡಿ, ಎರಡೂ ಸಲ ಇಳಿತ ಒಂದೇ ಇಲ್ಲದಿದ್ದರೆ ಉಜ್ಜಿದ ಚಾರ್ಜ್ ಸೇರಿದೆ ಎಂದರ್ಥ. (ತಿರುವು ಮಾಡುವಾಗ ಆಪ್‌ಆ್ಯಂಪಿಗೆ ಮೈನಸ್ ಸಪ್ಲೈ ಸಹ ಬೇಕು.) ಮಳೆಗಾಲದಲ್ಲಿ ಗಾಜಿನ ಮೈಮೇಲೇ ಚಾರ್ಜ್ ಹರಿದುಹೋಗುತ್ತದೆ. ಸ್ಪಿರಿಟಿನಿಂದ ಒರೆಸಿ ಬಿಸಿಲಿಗಿಟ್ಟ ಗಾಜು, ನಮ್ಮ ಏಪ್ರಿಲ್ ತಿಂಗಳು, ಎರಡೂ ಕೂಡಿದರೆ ಫಲಿತಾಂಶ ಚೊಕ್ಕ.

ತಂತಿಯದನ್ನೂ ಸೇರಿಸಿ 290 ಪಿಕೋಫ್ಯಾರಡ್ 1240 ಆದಾಗ, 9 ವೋಲ್ಟ್ ಇದ್ದದ್ದು ಎರಡರ ಹತ್ತಿರ ಬಂದು ನಿಂತಿತು. ಶಕ್ತಿ 12 ನ್ಯಾನೋಜೂಲಿನಿಂದ 3ಕ್ಕಿಂತ ಕೆಳಗೆ. ಕಡಿಮೆಯಾದದ್ದು ಗಾಜನ್ನು ಒಳಗೆಳೆಯುವ ಕೆಲಸಕ್ಕೆ ಹೋಯಿತು. ಆ ಎಳೆತ ಕೈಗೆ ತಿಳಿಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಅದು ಅಷ್ಟು ಸಣ್ಣದು. ಬ್ಯಾಟರಿ ಹಚ್ಚಿಟ್ಟೇ ಗಾಜು ತೂರಿಸಿದರೆ ಲೆಕ್ಕ ತಿರುಗುತ್ತದೆ: ವೋಲ್ಟೇಜ್ 9ರಲ್ಲೇ ನಿಂತು, ಶಕ್ತಿ 12ರಿಂದ 50 ನ್ಯಾನೋಜೂಲಿಗೆ ಏರುತ್ತದೆ. ಬ್ಯಾಟರಿ ಕೊಟ್ಟದ್ದು ಮಾತ್ರ 77ರಷ್ಟು. ಅದರಲ್ಲಿ ಅರ್ಧ ಕೆಪಾಸಿಟರಿಗೆ, ಉಳಿದರ್ಧ ಮತ್ತೆ ಅದೇ ಎಳೆತಕ್ಕೆ.